ಭೇದಿ ಶುರುವಾದ ಮೊದಲ ಗಂಟೆ: ಊರ ಸಭೆಯಲ್ಲಿ ಓಆರ್‌ಎಸ್ ಬಗ್ಗೆ ಮಾತಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಊರಿನವರ ಬಾಯಲ್ಲಿ ಈಗಲೂ ನರ್ಸಮ್ಮ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ನಡೆಯುವ ಆರೋಗ್ಯ ಸಭೆಯಲ್ಲಿ ಭೇದಿ ಮತ್ತು ಓಆರ್‌ಎಸ್ ಬಗ್ಗೆ ಮಾತಾಡಬೇಕಾದಾಗ ಹೊಸ ಆಶಾ ಕಾರ್ಯಕರ್ತೆಯರು ನನಗೆ ಫೋನ್ ಮಾಡುತ್ತಾರೆ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ.

ನನಗೆ ಸಿಗೋದು ಐದೇ ನಿಮಿಷ. ಏನು ಹೇಳಲಿ, ಏನು ಬಿಡಲಿ?

ಮೂರೇ ಮಾತು ಹೇಳಿ. ಓಆರ್‌ಎಸ್ ಯಾವಾಗ ಶುರು ಮಾಡಬೇಕು, ಪೊಟ್ಟಣಕ್ಕೆ ನೀರು ಎಷ್ಟು, ಯಾವ ಗುರುತು ಕಂಡರೆ ಮನೆಯಲ್ಲಿ ಕೂರಬಾರದು. ಕೈ ತೊಳೆಯುವುದು, ಶೌಚಾಲಯ, ರೋಟಾವೈರಸ್ ಲಸಿಕೆ ಎಲ್ಲವೂ ಬೇಕಾದ ವಿಷಯಗಳೇ. ಆದರೆ ಅವನ್ನೆಲ್ಲ ಒಂದೇ ದಿನ ಸುರಿದರೆ ತಾಯಂದಿರು ಮನೆಗೆ ಹೋಗುವಷ್ಟರಲ್ಲಿ ಯಾವುದೂ ಉಳಿದಿರುವುದಿಲ್ಲ. ಅವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ.

ಹೋಗುವಾಗ ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ತಳದಲ್ಲಿ ಸೂಜಿಯಿಂದ ತೂತು ಮಾಡಿದ ಇನ್ನೊಂದು ಬಾಟಲಿ, ಓಆರ್‌ಎಸ್ ಪೊಟ್ಟಣ, ಒಂದು ಟೀ ಚಮಚ, ಒಂದು ಸ್ಟೀಲ್ ಲೋಟ ತೆಗೆದುಕೊಂಡು ಹೋಗಿ.

ಭಾಷಣ ಬರೆದು ಕೊಡ್ತೀರಾ ಅಕ್ಕ?

ಕೊಡ್ತೀನಿ. ನೋಡಿಕೊಂಡು ಓದಬೇಡಿ. ಮನೆಯಲ್ಲಿ ಎರಡು ಸಲ ಜೋರಾಗಿ ಹೇಳಿ ನೋಡಿ, ಆಮೇಲೆ ನಿಮ್ಮ ಮಾತಲ್ಲೇ ಹೇಳಿ.

"ಅವ್ವಂದಿರೇ, ಅಕ್ಕತಂಗೀರೇ, ಎಲ್ಲರಿಗೂ ನಮಸ್ಕಾರ. ಈ ಬಾಟ್ಲಿ ನೋಡಿ. ತಳದಲ್ಲಿ ತೂತೈತೆ, ನೀರು ಸೋರ್ತಾ ಐತೆ. ಭೇದಿ ಆಗೋ ಕೂಸಿನ ಮೈಯೂ ಹಿಂಗೇ. ಈ ತೂತು ತಾನಾಗೇ ಮುಚ್ಕೊಳ್ಳೋಕೆ ನಾಕೈದು ದಿವಸ ಬೇಕು. ಅಲ್ಲಿಗಂಟ ಏನು ಮಾಡ್ಬೇಕು? ಸೋರಿದಷ್ಟು ಮೇಲಿಂದ ಹುಯ್ತಾನೇ ಇರ್ಬೇಕು. ಬಾಟ್ಲಿ ಬತ್ತೋದ ಮೇಲೆ ಹುಯ್ತೀನಿ ಅಂದ್ರೆ ತಡ ಆಗೋಯ್ತದೆ.

ಅದಕ್ಕೇ ಮೊದಲನೇ ಸಲ ನೀರ್ ನೀರಾಗಿ ಹೋದಾಗ್ಲೇ ಓಆರ್‌ಎಸ್ ಕಲಸಿ. ಸಂಜೆಗಂಟ ನೋಡಾನ ಅನ್ಬೇಡಿ. ಎರಡು ವರ್ಷದೊಳಗಿನ ಕೂಸಿಗೆ ಒಂದೊಂದು ಸಲ ಭೇದಿ ಆದಾಗ್ಲೂ ಈ ಲೋಟದಲ್ಲಿ ಕಾಲು ಲೋಟದಿಂದ ಅರ್ಧ ಲೋಟ. ಅದಕ್ಕೂ ದೊಡ್ಡ ಮಕ್ಳಿಗೆ ಅರ್ಧದಿಂದ ಒಂದು ಲೋಟ. ಚಮಚದಲ್ಲಿ ನಿಧಾನವಾಗಿ ಕುಡಿಸಿ. ಎದೆಹಾಲು ನಿಲ್ಲಿಸ್ಬೇಡಿ. ಊಟಾನೂ ನಿಲ್ಲಿಸ್ಬೇಡಿ.

ಈ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಅರ್ಧ ಪೊಟ್ಟಣ ಅರ್ಧ ನೀರು ಅಂತ ಮಾಡ್ಬೇಡಿ, ಇಡೀ ಪೊಟ್ಟಣನ ಒಂದು ಲೋಟಕ್ಕೂ ಹಾಕ್ಬೇಡಿ. ಸಣ್ಣ ಪೊಟ್ಟಣ ಆದ್ರೆ ಅದರ ಮೇಲೆ ಬರೆದಷ್ಟೇ ನೀರು. ಕಲಸಿದ್ದು ನಾಳೆ ಇಷ್ಟೊತ್ತಿಗೆ ಉಳಿದಿದ್ರೆ ಚೆಲ್ಲಿ, ಹೊಸದು ಮಾಡಿ.

ಕೊನೇ ಮಾತು, ಗ್ಯಾನ ಇಟ್ಕೊಂಡು ಕೇಳಿ. ಕೂಸು ಕುಡಿಯೋಕೆ ಆಗ್ದಂಗೆ ಮಂಕಾಗಿದ್ರೆ, ಕುಡಿಸಿದ್ದೆಲ್ಲ ವಾಂತಿ ಆದ್ರೆ, ಭೇದೀಲಿ ರಕ್ತ ಕಂಡ್ರೆ, ಕಣ್ಣು ಗುಳಿ ಬಿದ್ದಿದ್ರೆ, ಆರು ಗಂಟೆ ಹೊತ್ತಾದ್ರೂ ಉಚ್ಚೆ ಹುಯ್ದೇ ಇದ್ರೆ, ಕಾದಿರೋ ಜ್ವರ ಇದ್ರೆ, ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೂ ತುಂಬದ ಎಳೆ ಕೂಸಿಗೆ ಭೇದಿ ಆದ್ರೆ ಇವು ಯಾವುದಕ್ಕೂ ಕಾಯ್ಬೇಡಿ. ರಾತ್ರಿ ಆದ್ರೆ 108ಕ್ಕೆ ಫೋನ್ ಮಾಡಿ. ಕೂಸು ನುಂಗ್ತಾ ಇದ್ರೆ ದಾರೀಲೂ ಕುಡಿಸ್ತಾ ಹೋಗಿ.

ಈಗ ನೀವೊಬ್ರು ಮುಂದೆ ಬನ್ನಿ. ಈ ಪೊಟ್ಟಣ ನೀವೇ ಕಲಸಿ, ನಾನು ನೋಡ್ತೀನಿ."

ಆ ಕೊನೆಯ ಮಾತನ್ನು ಮಾತ್ರ ಬಿಡಬೇಡಿ. ತಾಯಿಯೊಬ್ಬಳು ಎಲ್ಲರೆದುರು ತನ್ನ ಕೈಯಾರೆ ಕಲಸಿದರೆ ಅವಳಿಗೂ ನೋಡಿದವರಿಗೂ ಅದು ಕಣ್ಣಲ್ಲಿ ಉಳಿಯುತ್ತದೆ. ಎಲ್ಲಿ ತಪ್ಪುತ್ತಾಳೆ ಎಂಬುದು ನಿಮಗೂ ಅಲ್ಲೇ ಗೊತ್ತಾಗುತ್ತದೆ.

ಮೊದಲ ಭೇದಿಗೇ ಯಾಕೆ? ನಾಲ್ಕೈದು ಸಲ ಆದ ಮೇಲೆ ನೋಡಿದರೆ ಸಾಲದೇ?

ನಮ್ಮ ಕಡೆ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಈ "ನೋಡಾನ" ಅನ್ನುವ ಮಾತಿನಿಂದಲೇ ಶುರುವಾಗುತ್ತವೆ. ಹಲ್ಲು ಬರ್ತಾ ಐತೆ, ದೃಷ್ಟಿ ಆಗೈತೆ, ಉಷ್ಣಕ್ಕೆ ಆಗೈತೆ ಎನ್ನುತ್ತಾ ಅರ್ಧ ದಿನ ಕಳೆಯುತ್ತದೆ. ದೃಷ್ಟಿ ತೆಗೆಯುವವರ ಜೊತೆ ನಾನು ಯಾವತ್ತೂ ಜಗಳ ಆಡಿಲ್ಲ. "ತೆಗೀರಿ ಅಜ್ಜಿ, ಒಂದು ಕಡೆ ಓಆರ್‌ಎಸ್ಸೂ ಕುಡಿಸ್ತಾ ಇರಿ" ಅಂದಿದ್ದೇನೆ.

ಸಣ್ಣ ಮೈಯಲ್ಲಿ ನೀರಿನ ದಾಸ್ತಾನೇ ಕಡಿಮೆ. ದೊಡ್ಡವರಿಗೆ ಲೆಕ್ಕಕ್ಕೇ ಬಾರದಷ್ಟು ನೀರು ಹೋದರೂ ಒಂಬತ್ತು ಕಿಲೋ ತೂಕದ ಕೂಸು ಬಾಡಿಬಿಡುತ್ತದೆ. ಮೊದಲಿನಿಂದ ಕುಡಿಸುತ್ತಾ ಬಂದರೆ ಹೆಚ್ಚಿನ ಸಲ ನೀರಿನ ಕೊರತೆ ಬೀಳುವುದಿಲ್ಲ. ಬಿದ್ದ ಮೇಲೆ ಕುಡಿಸುವುದು ಕಷ್ಟ, ಯಾಕೆಂದರೆ ಅಷ್ಟರಲ್ಲಿ ಮಗುವಿಗೆ ವಾಂತಿ ಶುರುವಾಗಿರುತ್ತದೆ, ಇಲ್ಲವೇ ಕುಡಿಯುವ ಶಕ್ತಿಯೇ ಉಡುಗಿರುತ್ತದೆ.

ಇನ್ನೊಂದು ವಿಷಯ ತಾಯಂದಿರಿಗೆ ಬಿಡಿಸಿ ಹೇಳಬೇಕು. ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಇದನ್ನು ಹೇಳದೇ ಹೋದರೆ ಎರಡು ಲೋಟ ಕುಡಿಸಿ, "ನಿಂತೇ ಇಲ್ಲ, ಇದರಿಂದ ಪ್ರಯೋಜನ ಇಲ್ಲ" ಎಂದು ಬಿಟ್ಟುಬಿಡುತ್ತಾರೆ. ಆಮೇಲೆ ಮೆಡಿಕಲ್ ಸ್ಟೋರಿಗೆ ಹೋಗಿ ಭೇದಿ ಕಟ್ಟುವ ಮಾತ್ರೆ ತರುತ್ತಾರೆ. ಆ ಮಾತ್ರೆ ಪುಟ್ಟ ಮಕ್ಕಳಿಗೆ ಅಪಾಯ. ಕರುಳಿನ ಚಲನೆ ಕಟ್ಟಿ ಹೊಟ್ಟೆ ಉಬ್ಬರಿಸಬಹುದು.

ಬರೀ ನೀರು ಕುಡಿಸಿದರೆ ಆಗಲ್ವಾ? ಉಪ್ಪು ಸಕ್ಕರೆ ಎರಡೂ ಯಾಕೆ ಬೇಕು?

ಭೇದಿಯಲ್ಲಿ ನೀರಿನ ಜೊತೆ ಉಪ್ಪಿನಂಶವೂ ಹೋಗಿರುತ್ತದೆ. ಬರೀ ನೀರು ಕೊಟ್ಟರೆ ಅದು ತುಂಬುವುದಿಲ್ಲ. ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಗೆ ಹೋಗುವ ಒಂದು ಬಾಗಿಲಿದೆ. ಎಂಥ ಭೇದಿಯಲ್ಲೂ ಅದು ಬಹುಮಟ್ಟಿಗೆ ತೆರೆದೇ ಇರುತ್ತದೆ. ಆ ಜೋಡಿ ಒಳಗೆ ಹೋದಾಗ ನೀರು ಅದರ ಬೆನ್ನು ಹತ್ತಿ ಹೋಗುತ್ತದೆ. ಸಕ್ಕರೆ ಹೆಚ್ಚಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಅಳತೆ ಅಳತೆ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರ ಹತ್ತಿರ ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಲದಾಯಿತು. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಲೇ ಕುಡಿಸಿದರು. ಸುಮಾರು ನೂರಕ್ಕೆ 30 ಇದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಕುಡಿಸಿದವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ತಾಯಿ ತಂದೆ, ಅಣ್ಣ ತಂಗಿ. ಸಭೆಯಲ್ಲಿ ಸಮಯ ಉಳಿದರೆ ಈ ಒಂದು ಸಂಗತಿ ಹೇಳಿ.

ಒಂದು ಲೀಟರ್ ಅಂದರೆ ಮನೆಯಲ್ಲಿ ಹೇಗೆ ಅಳೆಯೋದು?

ನಾನು ಒಮ್ಮೆ ಒಂದೇ ಬೀದಿಯ ಚೊಂಬುಗಳನ್ನೆಲ್ಲ ಅಂಗನವಾಡಿಗೆ ತರಿಸಿ ಬಾಟಲಿಯಿಂದ ಅಳೆದೆ. ಒಂದು ಮುಕ್ಕಾಲು ಲೀಟರ್ ಕೂಡ ಹಿಡಿಯಲಿಲ್ಲ, ಇನ್ನೊಂದು ಒಂದೂಕಾಲು ಲೀಟರ್ ಹಿಡಿಯಿತು. "ಒಂದು ಚೊಂಬು ನೀರಿಗೆ ಒಂದು ಪೊಟ್ಟಣ" ಎಂದು ಅದುವರೆಗೆ ನಾನೇ ಹೇಳಿಕೊಂಡು ಬಂದಿದ್ದೆ. ಅವತ್ತಿಂದ ಆ ಮಾತು ಬಿಟ್ಟೆ.

ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿ ಯಾರ ಮನೆಯಲ್ಲಾದರೂ ಇರುತ್ತದೆ. ಅದನ್ನು ತುಂಬಿಸಿ ಮನೆಯ ಪಾತ್ರೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಒಳಗಡೆ ಮೊಳೆಯಿಂದ ಒಂದು ಗೆರೆ ಗೀಚಿ. ಇನ್ನು ಮೇಲೆ ಆ ಗೆರೆಯೇ ಲೀಟರ್.

ನೀರು ಕಾಯಿಸಿ ಆರಿಸಿದ್ದಾದರೆ ಉತ್ತಮ. ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನಿನದು. ನಾಲೆ ನೀರು ಬೇಡ. ಆದರೆ ಕಾಯಿಸಿದ ನೀರು ಆರಲಿ ಎಂದು ಗಂಟೆಗಟ್ಟಲೆ ಕಾಯಬೇಡಿ, ಇರುವುದರಲ್ಲಿ ಚೊಕ್ಕಟವಾದ ಕುಡಿಯುವ ನೀರಿನಲ್ಲಿ ಶುರು ಮಾಡಿ. ಕಲಸಿದ ಮೇಲೆ ಮತ್ತೆ ಕಾಯಿಸಬಾರದು. ಹಾಲು, ಜ್ಯೂಸ್, ಇನ್ನಷ್ಟು ಸಕ್ಕರೆ ಸೇರಿಸಬಾರದು. ತಾಯಿ ಮೊದಲು ತಾನು ನಾಲಿಗೆಗೆ ಹಚ್ಚಿ ನೋಡಲಿ. ಕಣ್ಣೀರಿಗಿಂತ ಉಪ್ಪೆನಿಸಿದರೆ ಎಲ್ಲೋ ಅಳತೆ ತಪ್ಪಿದೆ.

ಪೊಟ್ಟಣವೇ ಇಲ್ಲದಿದ್ದರೆ?

ನಿಮ್ಮ ಮನೆ ಬಾಗಿಲು ತಟ್ಟಲಿ, ಓಆರ್‌ಎಸ್ ಆಶಾ ಹತ್ತಿರ, ಉಪಕೇಂದ್ರದಲ್ಲಿ ಪುಕ್ಕಟೆ. ಅದು ಕೈಗೆ ಬರುವವರೆಗೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಿರಬಾರದು, ಬೆರಳಿಂದ ಸವರಿ ಸಮ ಮಾಡಿರಬೇಕು. ಆಲೆಮನೆ ಬೆಲ್ಲ ಹಾಕಬಹುದಾ ಎಂದು ಮಂಡ್ಯದಲ್ಲಿ ಕೇಳದವರಿಲ್ಲ. ಅಚ್ಚು ಬೆಲ್ಲವನ್ನು ಚಮಚದಲ್ಲಿ ಅಳೆಯಲು ಆಗುವುದಿಲ್ಲ, ಹಾಗಾಗಿ ನಾನು ಸಕ್ಕರೆಯೇ ಹೇಳುವುದು. ಈ ಮನೆಯ ಕಲಸು ತಾತ್ಕಾಲಿಕ. ಪೊಟ್ಟಣದಲ್ಲಿರುವ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇದರಲ್ಲಿ ಇರುವುದಿಲ್ಲ.

ಎಳನೀರು, ಮಜ್ಜಿಗೆ, ಅಂಗಡಿಯ ಬಾಟಲಿ ಪಾನೀಯ?

ಉಪ್ಪು ಹಾಕಿದ ನೀರು ಮಜ್ಜಿಗೆ, ಅಕ್ಕಿ ಗಂಜಿ ತಿಳಿ, ರಾಗಿ ಅಂಬಲಿ ಆರು ತಿಂಗಳು ದಾಟಿದ ಮಕ್ಕಳಿಗೆ ಓಆರ್‌ಎಸ್ ಜೊತೆಗೆ ಧಾರಾಳವಾಗಿ ಕೊಡಿ. ಎಳನೀರೂ ಒಳ್ಳೆಯದೇ. ಆದರೆ ಮದ್ದೂರಿನ ಎಳನೀರು ಎಷ್ಟೇ ಸಿಹಿಯಾಗಿದ್ದರೂ ಓಆರ್‌ಎಸ್ ಜಾಗಕ್ಕೆ ಬರಲಾರದು. ಅದರಲ್ಲಿ ಪೊಟ್ಯಾಸಿಯಂ ಇದೆ, ಭೇದಿಯಲ್ಲಿ ಹೋದ ಸೋಡಿಯಂ ತುಂಬುವಷ್ಟಿಲ್ಲ.

ಅಂಗಡಿಯ ಜ್ಯೂಸ್, ಸೋಡಾ, ಡಬ್ಬಿಯ ಗ್ಲೂಕೋಸ್ ಪುಡಿ ಬೇಡ. ಅವು ಸಕ್ಕರೆ ನೀರು. ಓಆರ್‌ಎಸ್ ಎಂಬ ಅಕ್ಷರ ದೊಡ್ಡದಾಗಿ ಹಾಕಿಕೊಂಡ ಸಿಹಿ ಪಾನೀಯದ ಡಬ್ಬಿಗಳು ಬಹಳ ಕಾಲ ಮಾರಾಟವಾದವು. ಸೂತ್ರಕ್ಕೆ ಹೊಂದದ ಪಾನೀಯದ ಹೆಸರಿನಲ್ಲಿ ಆ ಪದ ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು. ಪುಡಿ ಪೊಟ್ಟಣ ಕೇಳಿ ತೆಗೆದುಕೊಳ್ಳುವಾಗ ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಲೀಟರ್ ಪೊಟ್ಟಣವಾದರೆ ಒಟ್ಟು ತೂಕ 20.5 ಗ್ರಾಂ ಆಸುಪಾಸು ಇರುತ್ತದೆ.

ಕುಡಿಸಿದ್ದೆಲ್ಲ ವಾಂತಿ ಮಾಡ್ತದೆ, ಏನು ಮಾಡಲಿ?

ಹೆಚ್ಚಿನ ಸಲ ವಾಂತಿ ಆಗುವುದು ಬಾಯಾರಿದ ಕೂಸು ಲೋಟಕ್ಕೇ ಬಾಯಿ ಹಾಕಿ ಗಟಗಟ ಕುಡಿದಾಗ. ಹತ್ತು ನಿಮಿಷ ಬಿಡಿ. ಆಮೇಲೆ ಎರಡು ಮೂರು ನಿಮಿಷಕ್ಕೊಂದು ಚಮಚದ ಹಾಗೆ ಕೊಡಿ. ಬಾಟಲಿ ನಿಪ್ಪಲ್ ಬೇಡ, ಚಮಚವೇ ಇರಲಿ. ವಾಂತಿ ಆದರೂ ಒಂದಿಷ್ಟು ಒಳಗೆ ಉಳಿದಿರುತ್ತದೆ. ಹೀಗೆ ನಿಧಾನ ಮಾಡಿದರೂ ಒಂದು ಚಮಚವೂ ನಿಲ್ಲದಿದ್ದರೆ ಅದು ಆಸ್ಪತ್ರೆಯ ಲಕ್ಷಣ.

ಆಸ್ಪತ್ರೆಗೆ ಹೊರಡುವ ಗುರುತುಗಳನ್ನು ನಾನು ಹೇಗೆ ಪರೀಕ್ಷೆ ಮಾಡಲಿ?

ಕಣ್ಣಿನಿಂದ ಶುರು ಮಾಡಿ. ಕಣ್ಣು ಗುಳಿ ಬಿದ್ದಂತೆ ನಿಮಗೆ ಕಂಡರೆ ತಾಯಿಯನ್ನು ಕೇಳಿ, "ಯಾವಾಗ್ಲೂ ಹಿಂಗೇ ಇರ್ತದಾ, ಇವತ್ತು ಹಿಂಗಾಗಿರೋದಾ?" ಸಣಕಲು ಮಕ್ಕಳಿಗೆ ಕಣ್ಣು ಮೊದಲೇ ಒಳಗಿರುತ್ತದೆ.

ಆಮೇಲೆ ಒಂದು ಚಮಚ ಓಆರ್‌ಎಸ್ ತುಟಿಗೆ ಹಿಡಿಯಿರಿ. ಚಮಚ ಹಿಂದಕ್ಕೆ ತೆಗೆದರೆ ಅಳುತ್ತಾ ಕೈ ಚಾಚಿ ಅದರ ಹಿಂದೆ ಬರುತ್ತಿದ್ದರೆ ಬಾಯಾರಿಕೆ ಜಾಸ್ತಿಯಾಗಿದೆ, ನೀರಿನ ಕೊರತೆ ಶುರುವಾಗಿದೆ. ನುಂಗದೆ ಬಾಯಿಂದ ಸೋರಿದರೆ, ಕರೆದರೂ ಕಣ್ಣು ಬಿಡದಷ್ಟು ಮಂಕಾಗಿದ್ದರೆ, ಅದು ಅತಿ ತೀವ್ರ. ಅಂಥ ಕೂಸಿನ ಬಾಯಿಗೆ ಬಲವಂತವಾಗಿ ಸುರಿಯಬಾರದು, ಶ್ವಾಸಕ್ಕೆ ಹೋಗಬಹುದು. ಒಂದು ನಿಮಿಷವೂ ತಡ ಮಾಡದೆ ಹೊರಡಬೇಕು.

ಮೂರನೆಯದು ಚರ್ಮ. ಕೂಸನ್ನು ಮಲಗಿಸಿ. ಹೊಕ್ಕುಳಿಗೂ ಪಕ್ಕೆಗೂ ನಡುವಿನ ಜಾಗದಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಚರ್ಮವನ್ನು ಮೈಯುದ್ದಕ್ಕೆ ಮಡಿಕೆ ಬರುವಂತೆ ಎತ್ತಿ, ಒಂದು ಕ್ಷಣ ಹಿಡಿದು ಬಿಡಿ. ಉಗುರಿನಿಂದ ಚಿವುಟಬೇಡಿ. ಬಿಟ್ಟ ಕೂಡಲೇ ಮಡಿಕೆ ಮಾಯವಾದರೆ ಸರಿ. ಅರೆಗಳಿಗೆ ಮಡಿಕೆ ನಿಂತು ಕಂಡರೆ ನಿಧಾನ ಎಂದರ್ಥ. ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ತೀವ್ರ. ತೀರಾ ಸಣಕಲು ಮಗುವಿನಲ್ಲಿ ನೀರು ಸಾಕಷ್ಟಿದ್ದರೂ ಮಡಿಕೆ ನಿಲ್ಲಬಹುದು, ಗುಂಡಗಿರುವ ಮಗುವಿನಲ್ಲಿ ನೀರು ಹೋಗಿದ್ದರೂ ಬೇಗ ಮಾಯವಾಗಬಹುದು. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ಇವಲ್ಲದೆ ರಕ್ತಭೇದಿ, ಮೂರು ದಿನಕ್ಕೂ ಕಡಿಮೆಯಾಗದ ಭೇದಿ ಕಂಡರೆ ಡಾಕ್ಟರು ನೋಡಲೇಬೇಕು. ಹದಿನಾಲ್ಕು ದಿನ ದಾಟಿದ್ದಕ್ಕೆ ಬೇರೆಯೇ ಪರೀಕ್ಷೆ ಬೇಕಾಗುತ್ತದೆ.

ನಿಜವಾಗಿ ನಡೆದ ಒಂದು ಉದಾಹರಣೆ ಹೇಳಿ.

ಬೇಸಿಗೆಯ ಒಂದು ದಿನ. ಹದಿನಾಲ್ಕು ತಿಂಗಳ ಹೆಣ್ಣುಕೂಸು. ಬೆಳಗಿನ ಜಾವ ಐದಕ್ಕೆ ಭೇದಿ ಶುರುವಾಗಿತ್ತು. ನನಗೆ ಹೇಳಿ ಕಳಿಸಿದ್ದು ಹನ್ನೊಂದು ಗಂಟೆಗೆ, ಅಷ್ಟರಲ್ಲಿ ಏಳು ಸಲ ಆಗಿತ್ತು. "ಓಆರ್‌ಎಸ್ ಕೊಟ್ಟೆವು ನರ್ಸಮ್ಮ, ಕುಡೀತಿದ್ದಂಗೇ ಕಕ್ತಾಳೆ" ಅಂದಳು ತಾಯಿ. ಲೋಟ ತರಿಸಿ ನಾಲಿಗೆಗೆ ಹಚ್ಚಿದೆ. ಉಪ್ಪಿನಕಾಯಿ ರಸದ ಹಾಗಿತ್ತು! ಲೀಟರ್ ಪೊಟ್ಟಣ ಪೂರ್ತಿ ಒಂದು ಲೋಟ ನೀರಿಗೆ ಹಾಕಿದ್ದರು, ಐದು ಪಾಲು ಗಟ್ಟಿ. ಶಕ್ತಿ ಜಾಸ್ತಿ ಬರಲಿ ಎಂದು ಅಜ್ಜಿ ಹೇಳಿದ್ದರಂತೆ. ಕೂಸಿನ ಹೊಟ್ಟೆಯಲ್ಲಿ ಎರಡು ಮೂರು ಚಮಚವೂ ಉಳಿದಿರಲಿಲ್ಲ, ಅದು ಪುಣ್ಯ. ಗಟ್ಟಿ ಕಲಸು ಹೆಚ್ಚು ಹೋದರೆ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರುವುದೂ ಉಂಟು.

ಕೂಸು ಕಿರಿಕಿರಿ ಮಾಡುತ್ತಿತ್ತು, ಚಮಚ ಕಂಡರೆ ಎರಗುತ್ತಿತ್ತು, ಕಣ್ಣು ಒಳಗೆ ಹೋಗಿತ್ತು, ಚರ್ಮದ ಮಡಿಕೆ ನಿಧಾನವಾಗಿ ಇಳಿಯಿತು. ಆದರೆ ಎಚ್ಚರವಾಗಿತ್ತು, ನುಂಗುತ್ತಿತ್ತು. ಇದು ಮಧ್ಯಮ ಕೊರತೆ. ಹೊಸದಾಗಿ ಸರಿಯಾಗಿ ಕಲಸಿ ಚಮಚದಲ್ಲಿ ಕುಡಿಸುತ್ತಲೇ ಆಟೋದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು.

ಅಲ್ಲಿ ತೂಕ ಒಂಬತ್ತು ಕಿಲೋ ಬಂತು. ಕಿಲೋಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಯಲ್ಲಿ 675 ಮಿಲಿಲೀಟರ್ ಕುಡಿಸಬೇಕು ಎಂದರು ಡಾಕ್ಟರು. ಕೇಳಿ ತಾಯಿ ಹೆದರಿದಳು. ಚಮಚದ ಲೆಕ್ಕಕ್ಕೆ ತಂದು ಹೇಳಿದೆ: ಒಂದು ಟೀ ಚಮಚ ಐದು ಮಿಲಿಲೀಟರ್, ಒಟ್ಟು 135 ಚಮಚ, ಅಂದರೆ ಎರಡು ನಿಮಿಷಕ್ಕೆ ಒಂದಕ್ಕಿಂತ ತುಸು ಬೇಗ. ಮೊದಲ ಗಂಟೆ ತಾಯಿ, ಆಮೇಲೆ ಅಜ್ಜಿ, ಮಧ್ಯೆ ಎರಡು ಸಲ ಎದೆಹಾಲು. ಒಂದು ಸಲ ವಾಂತಿ ಆಯಿತು, ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದರು. ಮೂರನೇ ಗಂಟೆಯಲ್ಲಿ ಕೂಸು ಅಜ್ಜಿಯ ಸೀರೆ ಮೇಲೆ ಉಚ್ಚೆ ಹುಯ್ದಾಗ ಅಜ್ಜಿ "ಹುಯ್ದ್ಲು, ಹುಯ್ದ್ಲು" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ನಾಲ್ಕು ಗಂಟೆ ಮುಗಿದ ಮೇಲೆ ಡಾಕ್ಟರು ಮತ್ತೆ ನೋಡಿದರು. ಮಡಿಕೆ ಕೂಡಲೇ ಇಳಿಯಿತು. ಎರಡು ಪೊಟ್ಟಣ, ಜಿಂಕ್ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಭೇದಿ ಇನ್ನೂ ಮೂರು ದಿನ ಇತ್ತು, ಕೂಸು ಬಾಡಲಿಲ್ಲ.

"ಅದೆಲ್ಲ ಬುಡಿ, ಗ್ಲೂಕೋಸ್ ಏರಿಸಿ" ಅಂತ ಜಗಳಕ್ಕೆ ಬರ್ತಾರಲ್ಲ?

ಬಾಟಲಿ ನೇತು ಹಾಕಿದರೇ ಚಿಕಿತ್ಸೆ ಎಂಬ ನಂಬಿಕೆ ಬಲವಾಗಿದೆ. ಕುಡಿಯಬಲ್ಲ ಮಗುವಿಗೆ ಬಾಯಿಂದ ಹೋದದ್ದೇ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಸೂಜಿಯ ನೋವಿಲ್ಲ. ಕುಡಿಯಲಾಗದ, ಮಂಕಾದ ಮಗುವಿಗೆ ಮಾತ್ರ ರಕ್ತನಾಳಕ್ಕೇ ಕೊಡಬೇಕು, ಅದೂ ತಡವಿಲ್ಲದೆ. ಅದು ಕೇಂದ್ರದಲ್ಲಿ ಆಗದಿದ್ದರೆ ತಾಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಕಳಿಸುತ್ತಾರೆ.

ಜಿಂಕ್ ಮಾತ್ರೆ ಎಷ್ಟು ದಿನ?

ಹದಿನಾಲ್ಕು ದಿನ, ಭೇದಿ ನಿಂತರೂ. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂನ ಒಂದು ಮಾತ್ರೆ, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ. ಚಮಚದಲ್ಲಿ ಎದೆಹಾಲು ಅಥವಾ ನೀರು ಹಾಕಿ ಕರಗಿಸಿ ಕುಡಿಸಬೇಕು. ಭೇದಿ ನಿಂತ ನಾಲ್ಕನೇ ದಿನಕ್ಕೆ ಮಾತ್ರೆ ಗೂಡಿಗೆ ಸೇರುತ್ತದೆ, ಹಾಗಾಗಿ ಮನೆಗೆ ಹೋದಾಗ ಪಟ್ಟಿ ತರಿಸಿ ಎಣಿಸಿ.

ದೊಡ್ಡವರಿಗೂ ಇದೇನಾ?

ಹೌದು, ಬೇಕೆನಿಸಿದಷ್ಟು, ಒಂದೊಂದು ಭೇದಿಗೂ ಒಂದು ಲೋಟಕ್ಕೆ ಕಡಿಮೆಯಿಲ್ಲದಂತೆ. ಸಕ್ಕರೆ ಕಾಯಿಲೆಯವರೂ ಬಿಡಬಾರದು. ಹೃದಯ, ಕಿಡ್ನಿ ತೊಂದರೆಯವರು ಮೊದಲೇ ಡಾಕ್ಟರನ್ನು ಕೇಳಲಿ. ಅಕ್ಕಿ ತೊಳೆದ ನೀರಿನಂತೆ ಬಿಡದೆ ಭೇದಿ ಹೋಗುತ್ತಿದ್ದರೆ ಅದು ಕಾಲರಾ ಇರಬಹುದು. ಗಟ್ಟಿಮುಟ್ಟಾದ ಆಳೂ ಕೆಲವೇ ಗಂಟೆಯಲ್ಲಿ ಕುಸಿಯುತ್ತಾನೆ, ಕೂಡಲೇ ಹೊರಡಿಸಿ. ಒಂದೇ ಬೀದಿಯಲ್ಲಿ ಎರಡು ಮೂರು ಮನೆಗೆ ಹಾಗಾದರೆ ಅವತ್ತೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಬೀದಿಯ ನಲ್ಲಿ ನೀರನ್ನು ಅವರು ಪರೀಕ್ಷೆಗೆ ತೆಗೆದುಕೊಂಡು ಹೋಗುತ್ತಾರೆ.